‘ಹೂಂ’ ಅಂದ್ರೆ ಯಾವುದಕ್ಕೆ ಹೂಂ?

ಬ್ಲೌಸ್ ಹೊಲಿಯಲು ಬಟ್ಟೆ ಕೊಟ್ಟುಹೋದವರಿಗೆ ವಾಟ್ಸಾಪ್‌ನಲ್ಲಿ ಕೇಳ್ತೀವಿ: “ಹುಕ್ ಮುಂದೆ ಇಡ್ಲಾ, ಹಿಂದೆ ಇಡ್ಲಾ? ತೋಳು ಮೊಣಕೈವರೆಗೆ ಬೇಕಾ, ಗಿಡ್ಡ ಸಾಕಾ?” ಉತ್ತರ ಬರುತ್ತೆ: “ಹೂಂ ಅಕ್ಕಾ.” ಹೊಲಿಗೆ ಮಿಷನ್ ಇಟ್ಟುಕೊಂಡ ಯಾರನ್ನು ಬೇಕಾದರೂ ಕೇಳಿ ನೋಡಿ, ಇದು ಗೊತ್ತಿರುತ್ತೆ.

ಇದು ಅಸಡ್ಡೆ ಅಂತ ನನಗನ್ನಿಸಲ್ಲ. ನಮ್ಮ ಕನ್ನಡವೇ ಹಾಗಿದೆ. “ಮುಂದೆ ಇಡ್ಲಾ” ಅನ್ನೋದಕ್ಕೆ ಹೂಂ ಅನ್ನಬಹುದು, “ಹಿಂದೆ ಇಡ್ಲಾ” ಅನ್ನೋದಕ್ಕೂ ಅನ್ನಬಹುದು. ಒಬ್ಬರು ಕಡೆಯದಕ್ಕೆ ಹೂಂ ಅಂದಿರ್ತಾರೆ. ಇನ್ನೊಬ್ಬರದು ‘ಮೆಸೇಜ್ ನೋಡಿದೆ’ ಅನ್ನೋ ಹೂಂ. ಮತ್ತೊಬ್ಬರದು ‘ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ’ ಅನ್ನೋದು. ಅಕ್ಷರ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಊಹೆ ಮಾಡಿ ಕತ್ತರಿ ಹಾಕೋ ಹಾಗೂ ಇಲ್ಲ. ಹುಕ್ ಹಿಂದೆ ಬಂದರೆ ಮುಂಭಾಗವನ್ನು ಮಡಿಕೆ ಮೇಲೆ ಒಂದೇ ತುಂಡಾಗಿ ಕತ್ತರಿಸ್ತೀವಿ. ಮುಂದೆ ಬಂದರೆ ಅದೇ ಎರಡು ತುಂಡು. ಎರಡಾದದ್ದನ್ನು ಮತ್ತೆ ಸೇರಿಸಿದರೆ ಎದೆ ನಡುವೆ ಹೊಲಿಗೆ ಎದ್ದು ಕಾಣುತ್ತೆ. ಸೀರೆ ಜೊತೆ ಬಂದ ಪೀಸಾದರೆ ಬೇರೆ ಬಟ್ಟೆ ಎಲ್ಲಿಂದ ತರೋದು? ತೋಳು ಹಾಗಲ್ಲ. ಉದ್ದ ಬಿಟ್ಟಿದ್ದರೆ ಆಮೇಲೆ ಗಿಡ್ಡ ಮಾಡಬಹುದು.

ಆದ್ದರಿಂದ ಎರಡನೇ ಸಲ ಎರಡನ್ನೂ ಒಟ್ಟಿಗೆ ಕೇಳಲ್ಲ. ತೋಳಿನದನ್ನು ನಾನೇ ಹೇಳಿಬಿಡ್ತೀನಿ: “ತೋಳು ಮೊಣಕೈವರೆಗೆ ಇಡ್ತೀನಿ, ಹಾಕಿ ನೋಡಿದಾಗ ಗಿಡ್ಡ ಬೇಕು ಅಂದ್ರೆ ಮಾಡಿಕೊಡ್ತೀನಿ.” ಹುಕ್ಕಿನದು ಮಾತ್ರ ಪ್ರಶ್ನೆ, ಅದೂ ಹೂಂ ಅನ್ನೋಕೆ ಬಾರದ ಹಾಗೆ: “ಕತ್ತರಿಸೋಕೆ ಕೂತಿದ್ದೀನಿ, ಒಂದೇ ಒಂದು ತಿಳಿಸಿ. ಹುಕ್ ಯಾವ ಕಡೆ?” ‘ನಾನು ಕೇಳಿದ್ದು ಅದಲ್ಲ’, ‘ಸರಿಯಾಗಿ ಓದಿ’ ಅನ್ನೋ ಮಾತು ಬೇಡ. ಹಾಗಂದರೆ ಅವರು ಗಾಬರಿಯಾಗಿ ಏನೋ ಒಂದು ಹೇಳಿಬಿಡ್ತಾರೆ, ಅದು ಹೂಂಗಿಂತ ಕಷ್ಟ. ಅಪ್ಪಿತಪ್ಪಿಯೂ “ಹಾಗಾದ್ರೆ ಹಿಂದೇನೇ ತಾನೇ?” ಅಂತ ಕೇಳಬೇಡಿ. ಇನ್ನೊಂದು ಹೂಂ ಬರುತ್ತೆ, ಅಷ್ಟೆ.

ಮಗನ ಮದುವೆಗೆ ಹೊಲಿಸ್ತಿದ್ದ ಒಬ್ಬ ಹಿರಿಯರು ಇದಕ್ಕೂ “ಓಕೆ” ಅಂತಲೇ ಕಳಿಸಿದರು. ಫೋನ್ ಮಾಡಿದೆ. ಹುಕ್ಕಿನ ಮಾತು ಬಿಟ್ಟು, “ಅಮ್ಮಾ, ಮುಹೂರ್ತದ ದಿನ ನಿಮಗೆ ಬ್ಲೌಸ್ ಹಾಕಿಕೊಡೋರು ಯಾರು?” ಅಂದೆ. “ಯಾರಿದ್ದಾರಮ್ಮಾ, ನಾನೇ ಹಾಕ್ಕೋಬೇಕು. ಈ ಬಲಗೈ ಬೇರೆ ಹಿಂದಕ್ಕೆ ಹೋಗಲ್ಲ, ಭುಜ ಹಿಡಿದುಬಿಟ್ಟಿದೆ” ಅಂದರು.

ಹುಕ್ ಮುಂದೆ ಇಟ್ಟು ಅವತ್ತೇ ಕತ್ತರಿಸಿದೆ.