ಕೊಂಡಿ ಒತ್ತಿದರೆ ಯಾವ ಅಂಚೆಪೆಟ್ಟಿಗೆ?



ಜಾಲಪುಟದಲ್ಲಿರುವ ಇ-ಮೇಲ್ ಕೊಂಡಿಯನ್ನು ಒತ್ತಿದರೆ ಜಿಮೇಲ್ ತೆರೆಯದೆ, ಎಂದೂ ಬಳಸದ ಔಟ್‌ಲುಕ್ ಎದ್ದು ಬಂದು ಖಾತೆ ಸೇರಿಸಲು ಹೇಳುತ್ತದೆ ಎಂಬ ದೂರು ಆಗಾಗ ನನ್ನ ಕಿವಿಗೆ ಬೀಳುತ್ತದೆ. ಪುಟವೇ ಕೆಟ್ಟಿದೆ ಎನ್ನುವವರುಂಟು, ಔಟ್‌ಲುಕ್ಕನ್ನೇ ಕಿತ್ತೊಗೆಯುವವರೂ ಉಂಟು. ಎರಡೂ ಅನಗತ್ಯವೆಂಬುದು ನನ್ನ ಅಭಿಪ್ರಾಯ.

ಆ ಕೊಂಡಿಯೊಳಗೆ `mailto:` ಎಂಬ ಪದವೂ ಒಂದು ವಿಳಾಸವೂ ಇರುತ್ತವೆ, ಅಷ್ಟೆ. ಪತ್ರ ಯಾರಿಗೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಯಾವ ತಂತ್ರಾಂಶದಿಂದ ಬರೆಯಬೇಕೆಂಬುದನ್ನು ಹೇಳುವುದಿಲ್ಲ. ಹಂಪಸಾಗರಕ್ಕೆ ಎಂದು ಲಕೋಟೆಯ ಮೇಲೆ ಬರೆದ ಮಾತ್ರಕ್ಕೆ ಅದನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂಬುದು ನಿಶ್ಚಯವಾಗದು. ಅದನ್ನು ನಿಶ್ಚಯಿಸುವುದು ನಿಮ್ಮ ಗಣಕಯಂತ್ರ. ಕ್ರೋಮ್ ಮೊದಲು ತನ್ನ ಪಟ್ಟಿಯನ್ನು ನೋಡುತ್ತದೆ. ಅಲ್ಲಿ ಜಿಮೇಲ್ ಇಲ್ಲದಿದ್ದರೆ ಕೊಂಡಿಯನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ.

ನಮ್ಮೂರಿನ ವಿದ್ಯಾರ್ಥಿನಿಯೊಬ್ಬಳಿಗೆ ಒಂದು ಕಚೇರಿಗೆ ವಿದ್ಯಾರ್ಥಿವೇತನದ ದಾಖಲೆಯನ್ನು ಅಂದೇ ಕಳುಹಿಸಬೇಕಿತ್ತು. ಕೊಂಡಿ ಒತ್ತಿದಾಗ ಔಟ್‌ಲುಕ್ ಬಂತು. ಅದು ಕೇಳಿತೆಂದು ಅವಳು ಹೊಸ ಖಾತೆ ತೆರೆಯಲು ಹೊರಟಿದ್ದಳು. ತೆರೆದಿದ್ದರೆ ಅರ್ಜಿಯಲ್ಲಿ ಒಂದು ವಿಳಾಸ, ಪತ್ರದಲ್ಲಿ ಇನ್ನೊಂದು. ಉತ್ತರವೂ ಅವಳು ನೋಡದ ಪೆಟ್ಟಿಗೆಗೆ ಬರುತ್ತಿತ್ತು. ಕೊಂಡಿಯ ಮೇಲೆ ಬಲಗುಂಡಿ ಒತ್ತಿ `Copy email address` ಆಯ್ದು, ಜಿಮೇಲಿನಲ್ಲಿ ಅಂಟಿಸಿ ಆಕೆ ಪತ್ರ ಕಳುಹಿಸಿದಳು. ಅವಸರಕ್ಕೆ ಇದೇ ಸಾಕು.

ಶಾಶ್ವತ ಪರಿಹಾರವನ್ನು ಆಮೇಲೆ ಮಾಡಿದೆವು. ಕ್ರೋಮ್‌ನಲ್ಲಿ ಜಿಮೇಲ್ ತೆರೆದಾಗ ವಿಳಾಸಪಟ್ಟಿಯ ಬಲತುದಿಯಲ್ಲಿ ಜೋಡಿ ವಜ್ರಾಕೃತಿಯ ಚಿಹ್ನೆ ಕಾಣುತ್ತದೆ. ಅದನ್ನು ಒತ್ತಿ `Allow` ಎಂದು ಒಪ್ಪಿಗೆ ಕೊಡಬೇಕು. ಚಿಹ್ನೆ ಕಾಣದಿದ್ದರೆ `chrome://settings/handlers` ಪುಟದಲ್ಲಿ ಜಾಲತಾಣಗಳು ಅನುಮತಿ ಕೇಳಬಹುದೆಂಬ ಆಯ್ಕೆಯನ್ನು ಗುರುತಿಸಿ, ಜಿಮೇಲನ್ನು ಮತ್ತೆ ತೆರೆಯಬೇಕು. ಕ್ರೋಮ್‌ನೊಳಗಿನ ಕೊಂಡಿಗಳಿಗೆ ಇಷ್ಟು ಸಾಕು. ವರ್ಡ್ ಮೊದಲಾದ ಕಡೆಯ ಕೊಂಡಿಗಳಿಗೆ ವಿಂಡೋಸ್ 11ರ `Settings > Apps > Default apps` ಎಂಬಲ್ಲಿ, ಮೇಲಿನ ಹುಡುಕುಪೆಟ್ಟಿಗೆಯಲ್ಲಿ `MAILTO` ಎಂದು ಬರೆದು ಕ್ರೋಮ್ ಆಯ್ದುಕೊಳ್ಳಬೇಕು.

ಪರೀಕ್ಷಿಸಲು ವಿಂಡೋಸ್ ಕೀಲಿಯೊಡನೆ R ಒತ್ತಿ ಹೀಗೆ ಬರೆಯಿರಿ:

```
mailto:test@example.com
```

ಜಿಮೇಲಿನ ಪತ್ರದ ಹಾಳೆ ತೆರೆದರೆ ಎರಡೂ ಸರಿಯಾಗಿವೆ. ಕ್ರೋಮ್ ಬಂದೂ ಪತ್ರದ ಹಾಳೆ ಬಾರದಿದ್ದರೆ, ವಿಂಡೋಸ್ ಒಪ್ಪಿದೆ, ಕ್ರೋಮ್‌ನೊಳಗಿನ ಅನುಮತಿ ಬಾಕಿಯಿದೆ ಎಂದು ತಿಳಿಯಿರಿ. ಎರಡು ಜಿಮೇಲ್ ಖಾತೆಗಳಿದ್ದರೆ ಸಾಮಾನ್ಯವಾಗಿ ಮೊದಲು ಪ್ರವೇಶಿಸಿದ ಖಾತೆಯೇ ತೆರೆಯುತ್ತದೆ. ಆದ್ದರಿಂದ ಕಳುಹಿಸುವ ಮುನ್ನ ಯಾವ ಖಾತೆ ತೆರೆದಿದೆ ಎಂಬುದನ್ನು ನೋಡಿರಿ.

ಜಾಲಪುಟ ಮಾಡುವ ಶಿಷ್ಯರಿಗೆ ನನ್ನದೊಂದು ಮಾತು: ‘ನಮ್ಮನ್ನು ಸಂಪರ್ಕಿಸಿ’ ಎಂಬ ಗುಂಡಿಯ ಹಿಂದೆ ವಿಳಾಸವನ್ನು ಅಡಗಿಸಬೇಡಿರಿ. ಅದನ್ನು ಅಕ್ಷರಗಳಲ್ಲಿಯೂ ಬರೆಯಿರಿ. ಕೊಂಡಿ ಕೈಕೊಟ್ಟರೂ ಆಗ ಓದುಗನು ಅದನ್ನು ನೋಡಿಕೊಂಡು ಬರೆದಾನು.