ಎಕ್ಸ್-ವಿಂಗ್ ಆಕೃತಿಯಲ್ಲ, ಎಣಿಕೆ

ಬೋಧನಾಭ್ಯಾಸದ ವಾರಗಳಲ್ಲಿ ಗಣಿತ ಸಂಘದ ಅವಧಿ ಸಿಕ್ಕಾಗ ನಮ್ಮಲ್ಲಿ ಹಲವರು ಸುಡೊಕು ಆರಿಸಿಕೊಳ್ಳುತ್ತೇವೆ. ಸುಲಭದ ಚೌಕಗಳನ್ನು ಮಕ್ಕಳು ಬೇಗ ಮುಗಿಸುತ್ತಾರೆ. ಆಮೇಲೆ ಕಠಿಣ ಚೌಕ ಬಂದು ಎಲ್ಲರೂ ನಿಂತಾಗ ಎಕ್ಸ್-ವಿಂಗ್, ಸ್ವೋರ್ಡ್‌ಫಿಶ್ ಎಂಬ ಹೆಸರುಗಳನ್ನು ಹಲಗೆಯ ಮೇಲೆ ಬರೆಯುತ್ತೇವೆ. ನಾಲ್ಕು ಮೂಲೆ ತೋರಿಸಿ, 'ಹೀಗೆ ಆಯತ ಕಂಡರೆ ಕಂಬಸಾಲಿನ ಉಳಿದವನ್ನು ಅಳಿಸಿ' ಎನ್ನುತ್ತೇವೆ. ನನ್ನ ಅಭಿಪ್ರಾಯದಲ್ಲಿ ಕೆಡುವುದು ಇಲ್ಲಿಯೇ. ಎಕ್ಸ್-ವಿಂಗ್ ಎಂಬುದು ಕಣ್ಣಿಗೆ ಕಾಣುವ ಆಕೃತಿಯಲ್ಲ, ಅದೊಂದು ಎಣಿಕೆಯ ವಾದ. ಆಕೃತಿಯಾಗಿ ಕಲಿತ ಮಗು ಎಕ್ಸ್-ವಿಂಗ್‌ನಲ್ಲಿ ತಪ್ಪುತ್ತದೆ, ಸ್ವೋರ್ಡ್‌ಫಿಶ್‌ನಲ್ಲಿ ನಿಂತೇಹೋಗುತ್ತದೆ. ಎಣಿಕೆಯಾಗಿ ಕಲಿತ ಮಗುವಿಗೆ ಸ್ವೋರ್ಡ್‌ಫಿಶ್ ಅನ್ನು ಬೇರೆಯಾಗಿ ಕಲಿಸಬೇಕಾಗಿಯೇ ಇಲ್ಲ.

ಮೊದಲು ಗುರುತಿನ ಕ್ರಮ ಹೇಳಿಬಿಡುತ್ತೇನೆ. (2, 3) ಎಂದರೆ 2ನೇ ಅಡ್ಡಸಾಲು, 3ನೇ ಕಂಬಸಾಲು ಸೇರುವ ಮನೆ. ಒಂದು ಮನೆಯಲ್ಲಿ ಇನ್ನೂ ಬರಬಹುದಾದ ಅಂಕಿಗಳನ್ನು ಪೆನ್ಸಿಲ್‌ನಿಂದ ಸಣ್ಣದಾಗಿ ಬರೆದಿಟ್ಟುಕೊಂಡಿದ್ದೇವೆ ಎಂದುಕೊಳ್ಳಿ. ಈ ಪೆನ್ಸಿಲ್ ಗುರುತುಗಳು ಸರಿಯಾಗಿ, ಪೂರ್ತಿಯಾಗಿ ಇರಲೇಬೇಕು. ಒಂದು ಗುರುತು ಬಿಟ್ಟುಹೋಗಿದ್ದರೂ ಮುಂದಿನ ವಾದವೆಲ್ಲ ಸುಳ್ಳಾಗುತ್ತದೆ.

ಈಗ 7 ಎಂಬ ಒಂದೇ ಅಂಕಿಯನ್ನು ಹಿಡಿಯೋಣ. 2ನೇ ಅಡ್ಡಸಾಲಿನಲ್ಲಿ 7 ಬರಬಹುದಾದ ಮನೆಗಳು ಎರಡೇ: (2, 3) ಮತ್ತು (2, 8). 6ನೇ ಅಡ್ಡಸಾಲಿನಲ್ಲೂ ಎರಡೇ: (6, 3) ಮತ್ತು (6, 8). ಇದಲ್ಲದೆ 3ನೇ ಕಂಬಸಾಲಿನ (9, 3) ಮನೆಯಲ್ಲಿ 2, 7 ಎಂಬ ಗುರುತುಗಳಿವೆ. 8ನೇ ಕಂಬಸಾಲಿನ (4, 8) ಮನೆಯಲ್ಲಿ 1, 7, 9 ಇವೆ. ಎಕ್ಸ್-ವಿಂಗ್ ನಿಯಮದ ಪ್ರಕಾರ ಈ ಕೊನೆಯ ಎರಡು ಮನೆಗಳಿಂದ 7 ಅಳಿಸಬಹುದು. ಆಗ (9, 3)ರಲ್ಲಿ 2 ಮಾತ್ರ ಉಳಿದು ಆ ಮನೆ ತುಂಬುತ್ತದೆ. ಆದರೆ ಯಾಕೆ ಅಳಿಸಬಹುದು?

ಇದನ್ನು ಮೂರು ರೀತಿಯಲ್ಲಿ ಸಾಧಿಸಬಹುದು. ಮೊದಲನೆಯದು ಸಂದರ್ಭಗಳನ್ನು ಬಿಡಿಸಿ ನೋಡುವುದು. 2ನೇ ಅಡ್ಡಸಾಲಿನ 7, (2, 3)ರಲ್ಲಿದ್ದರೆ 3ನೇ ಕಂಬಸಾಲು ಮುಗಿಯಿತು, ಹಾಗಾಗಿ 6ನೇ ಅಡ್ಡಸಾಲಿನ 7, (6, 8)ಕ್ಕೆ ಹೋಗಲೇಬೇಕು. ಅದು (2, 8)ರಲ್ಲಿದ್ದರೆ ಇನ್ನೊಂದು (6, 3)ಕ್ಕೆ ಹೋಗಬೇಕು. ಎರಡರಲ್ಲಿ ಯಾವುದೇ ಆದರೂ 3 ಮತ್ತು 8ನೇ ಕಂಬಸಾಲುಗಳ 7 ಈ ನಾಲ್ಕು ಮನೆಗಳೊಳಗೇ ಇರುತ್ತದೆ. ಈ ಎರಡು ಸಾಧ್ಯತೆಗಳು ಆಯತದ ಎರಡು ಕರ್ಣಗಳು. ಹೆಸರಿನಲ್ಲಿರುವ ಎಕ್ಸ್ ಅಕ್ಷರದ ರೂಪವೂ ಇದೇ.

ಎರಡನೆಯದು ವೈರುಧ್ಯದ ದಾರಿ. (9, 3)ರಲ್ಲಿ 7 ಇದೆ ಎಂದುಕೊಳ್ಳಿ. ಆಗ (2, 3), (6, 3) ಎರಡರಲ್ಲೂ 7 ಬರಲಾರದು. ಎರಡೂ ಅಡ್ಡಸಾಲುಗಳ 7 ಒಟ್ಟಿಗೆ 8ನೇ ಕಂಬಸಾಲಿಗೆ ಬರಬೇಕಾಗುತ್ತದೆ. ಒಂದು ಕಂಬಸಾಲಿನಲ್ಲಿ ಎರಡು 7 ಇರಲಾರವು. ಆದ್ದರಿಂದ ನಮ್ಮ ಊಹೆ ತಪ್ಪು.

ಮೂರನೆಯದು ಎಣಿಕೆ. ಎರಡು ಅಡ್ಡಸಾಲುಗಳಿಗೆ ಎರಡು 7 ಬೇಕೇ ಬೇಕು. ಅವೆರಡಕ್ಕೂ ಜಾಗವಿರುವುದು ಎರಡೇ ಕಂಬಸಾಲುಗಳಲ್ಲಿ. ಒಂದು ಕಂಬಸಾಲು ಒಂದಕ್ಕಿಂತ ಹೆಚ್ಚು 7 ಹಿಡಿಸಿಕೊಳ್ಳದು. ಆದ್ದರಿಂದ ಎರಡು ಕಂಬಸಾಲುಗಳೂ ಈ ಎರಡು ಅಡ್ಡಸಾಲುಗಳಿಗೇ ಖರ್ಚಾದವು, ಬೇರೆ ಅಡ್ಡಸಾಲುಗಳಿಗೆ ಅಲ್ಲಿ ಜಾಗವಿಲ್ಲ.

ಮೂರೂ ಸರಿಯಾದ ಸಾಧನೆಗಳೇ. ತರಗತಿಯಲ್ಲಿ ಮೊದಲನೆಯದು ಬೇಗ ಒಪ್ಪಿಗೆಯಾಗುತ್ತದೆ, ಯಾಕೆಂದರೆ ಬೆರಳಿಟ್ಟು ತೋರಿಸಬಹುದು. ಆದರೂ ಪಾಠದ ತಿರುಳು ಮೂರನೆಯದೇ ಆಗಿರಬೇಕು ಎನ್ನುತ್ತೇನೆ. ಕಾರಣ ಸ್ವೋರ್ಡ್‌ಫಿಶ್‌ಗೆ ಹೋದಾಗ ಸ್ಪಷ್ಟವಾಗುತ್ತದೆ.

6 ಎಂಬ ಅಂಕಿಗೆ ಮೂರು ಅಡ್ಡಸಾಲುಗಳಲ್ಲಿ ಉಳಿದಿರುವ ಜಾಗಗಳು ಹೀಗಿವೆ:

1ನೇ ಅಡ್ಡಸಾಲು: 2 ಮತ್ತು 5ನೇ ಕಂಬಸಾಲು
4ನೇ ಅಡ್ಡಸಾಲು: 5 ಮತ್ತು 9ನೇ ಕಂಬಸಾಲು
7ನೇ ಅಡ್ಡಸಾಲು: 2 ಮತ್ತು 9ನೇ ಕಂಬಸಾಲು

ಇಲ್ಲಿ ಆಯತವೇ ಇಲ್ಲ. ಯಾವ ಎರಡು ಅಡ್ಡಸಾಲುಗಳನ್ನು ತೆಗೆದುಕೊಂಡರೂ ಅವುಗಳ ಮನೆಗಳು ಒಂದರ ಕೆಳಗೊಂದು ಜೋಡಿಯಾಗಿ ಕೂರುವುದಿಲ್ಲ. 'ನಾಲ್ಕು ಮೂಲೆ ಹುಡುಕು' ಎಂದು ಕಲಿತ ಮಗು ಇದನ್ನು ದಾಟಿ ಹೋಗಿಬಿಡುತ್ತದೆ. 'ಸ್ವೋರ್ಡ್‌ಫಿಶ್ ಎಂದರೆ ಮೂರು ಸಾಲು, ಮೂರು ಕಂಬ, ಒಂಬತ್ತು ಮನೆ' ಎಂದು ಬರೆದುಕೊಂಡ ಮಗುವೂ ದಾಟುತ್ತದೆ, ಯಾಕೆಂದರೆ ಇಲ್ಲಿರುವುದು ಆರೇ ಮನೆ. ಎಣಿಸಲು ಕಲಿತ ಮಗು ಮಾತ್ರ ಇಷ್ಟೇ ಕೇಳುತ್ತದೆ: ಮೂರು ಅಡ್ಡಸಾಲುಗಳಿಗೆ ಮೂರು 6 ಬೇಕು; ಅವಕ್ಕೆ ಒಟ್ಟು ಎಷ್ಟು ಕಂಬಸಾಲುಗಳಿವೆ? 2, 5, 9, ಅಂದರೆ ಮೂರೇ. ಹಾಗಾದರೆ ಆ ಮೂರೂ ಖರ್ಚಾದವು. 2, 5, 9ನೇ ಕಂಬಸಾಲುಗಳಲ್ಲಿ ಉಳಿದ ಆರು ಅಡ್ಡಸಾಲುಗಳಿಂದ 6 ಅಳಿಸಬಹುದು.

ಅನುಮಾನವಿದ್ದರೆ (8, 5)ರಲ್ಲಿ 6 ಇಟ್ಟು ನೋಡಿ. 5ನೇ ಕಂಬಸಾಲು ಮುಚ್ಚಿತು. 1ನೇ ಅಡ್ಡಸಾಲಿನ 6, 2ನೇ ಕಂಬಸಾಲಿಗೆ ಹೋಗಬೇಕು. 4ನೆಯದರ 6, 9ನೇ ಕಂಬಸಾಲಿಗೆ. ಆಗ 7ನೇ ಅಡ್ಡಸಾಲಿಗೆ 2ನೇ ಕಂಬಸಾಲೂ ಇಲ್ಲ, 9ನೆಯದೂ ಇಲ್ಲ. ಮೂವರಿಗೆ ಎರಡೇ ಜಾಗ ಉಳಿದರೆ ಒಬ್ಬರು ಹೊರಗುಳಿಯಲೇಬೇಕಲ್ಲ. ನಾವು ಪಾರಿವಾಳದ ಗೂಡಿನ ತತ್ವವೆಂದು ಓದಿದ್ದು ಇದನ್ನೇ.

ಈ ಉದಾಹರಣೆಯಲ್ಲಿ ಸಂದರ್ಭಗಳನ್ನು ಬಿಡಿಸಿ ನೋಡಿದರೂ ಎರಡೇ ಸಿಗುತ್ತವೆ. ಆದರೆ ಮೂರೂ ಅಡ್ಡಸಾಲುಗಳಲ್ಲಿ ಮೂರೂ ಜಾಗ ತೆರೆದಿದ್ದರೆ ಆರು ಸಂದರ್ಭಗಳಾಗುತ್ತವೆ. ನಾಲ್ಕು ಸಾಲುಗಳ ಜೆಲ್ಲಿಫಿಶ್‌ನಲ್ಲಿ ಅವು 24ರವರೆಗೂ ಏರಬಹುದು. ಎಣಿಕೆಯ ವಾದ ಮಾತ್ರ ಒಂದೇ ವಾಕ್ಯದಲ್ಲಿ ನಿಲ್ಲುತ್ತದೆ, 'ಎರಡು' ಇದ್ದಲ್ಲಿ 'ಮೂರು' ಅಥವಾ 'ನಾಲ್ಕು' ಎಂದು ಹಾಕಿದರೆ ಸಾಕು. ಐದು ಸಾಲುಗಳದ್ದು ಬೇಕಾಗುವುದಿಲ್ಲವೇ ಎಂದು ಚುರುಕಾದ ವಿದ್ಯಾರ್ಥಿಯೊಬ್ಬರು ಕೇಳಿದರೆ ಅದಕ್ಕೂ ಎಣಿಕೆಯಲ್ಲೇ ಉತ್ತರವಿದೆ. ಐದು ಅಡ್ಡಸಾಲುಗಳ ಜಾಗಗಳೆಲ್ಲ ಐದೇ ಕಂಬಸಾಲುಗಳೊಳಗಿದ್ದರೆ, ಉಳಿದ ನಾಲ್ಕು ಕಂಬಸಾಲುಗಳ ಜಾಗಗಳು ಉಳಿದ ನಾಲ್ಕು ಅಡ್ಡಸಾಲುಗಳಲ್ಲೇ ಇರಬೇಕು. ಅಂದರೆ ಕಂಬಸಾಲಿನ ಕಡೆಯಿಂದ ನೋಡಿದರೆ ಅದು ನಾಲ್ಕರದ್ದೇ ಆಯಿತು, ಅಳಿಸುವ ಮನೆಗಳೂ ಅವೇ. ಹೀಗಾಗಿ ನಾಲ್ಕನ್ನು ಮೀರಿದ್ದು ಹೊಸದೇನೂ ಕೊಡುವುದಿಲ್ಲ.

ಈಗ ತಪ್ಪುಗಳ ವಿಷಯ. ಮಕ್ಕಳ ಹಾಳೆಗಳಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ. ನಾಲ್ಕು ಮೂಲೆಗಳಲ್ಲೂ 7 ಕಂಡೊಡನೆ ಅಳಿಸಿಬಿಡುವುದು ಒಂದು. ಮೊದಲ ಉದಾಹರಣೆಯಲ್ಲಿ (6, 5)ರಲ್ಲೂ 7ಕ್ಕೆ ಜಾಗವಿದ್ದಿದ್ದರೆ ಆಯತ ಹಾಗೆಯೇ ಕಾಣುತ್ತಿತ್ತು, ವಾದ ಮಾತ್ರ ಬಿದ್ದುಹೋಗುತ್ತಿತ್ತು. ಎರಡು ಅಡ್ಡಸಾಲುಗಳಿಗೆ ಮೂರು ಕಂಬಸಾಲುಗಳಾದ ಮೇಲೆ ಯಾವುದೂ ಖರ್ಚಾಗಿದೆ ಎನ್ನಲಾಗದು. ಅಳಿಸುವ ದಿಕ್ಕು ತಪ್ಪುವುದು ಇನ್ನೊಂದು. ಅಡ್ಡಸಾಲುಗಳಲ್ಲಿ ಜಾಗ ಎರಡೇ ಎಂದು ಕಂಡಿದ್ದರೆ ಅಳಿಸಬೇಕಾದ್ದು ಕಂಬಸಾಲುಗಳಲ್ಲಿ, ಕಂಬಸಾಲುಗಳಲ್ಲಿ ಕಂಡಿದ್ದರೆ ಅಡ್ಡಸಾಲುಗಳಲ್ಲಿ. ಮೂರನೆಯದು, ಇಷ್ಟಾದ ಮೇಲೆ ನಾಲ್ಕು ಮೂಲೆಗಳಲ್ಲೊಂದಕ್ಕೆ 7 ಬರೆದುಬಿಡುವುದು. ಎಕ್ಸ್-ವಿಂಗ್ ಯಾವ ಕರ್ಣ ಸರಿ ಎಂದು ಹೇಳುವುದಿಲ್ಲ. ಎಲ್ಲಿ ಇಲ್ಲ ಎಂದಷ್ಟೇ ಹೇಳುತ್ತದೆ. ಈ ಮೂರೂ ತಪ್ಪುಗಳು ಗಮನ ಕಡಿಮೆಯಾಗಿ ಆದವಲ್ಲ. ಕಾರಣ ಹೇಳದೆ ಆಕೃತಿಯನ್ನಷ್ಟೇ ಕೊಟ್ಟಾಗ ಇವು ಸಹಜವಾಗಿಯೇ ಹುಟ್ಟುತ್ತವೆ.

'ನಲವತ್ತು ನಿಮಿಷದಲ್ಲಿ ಇಷ್ಟೆಲ್ಲ ಸಾಧನೆ ಬರೆಸಲು ಆಗುತ್ತದೆಯೇ? ನಿಯಮ ಹೇಳಿದರೆ ಮಕ್ಕಳು ಖುಷಿಯಿಂದ ಬಿಡಿಸುತ್ತಾರೆ' ಎಂದು ಸಹಪಾಠಿಗಳು ಕೇಳುವುದುಂಟು. ಸಮಯ ತಿನ್ನುವುದು ವಾದವಲ್ಲ, ತುಂಬಿದ ಚೌಕ. 81 ಮನೆಗಳ ಪೆನ್ಸಿಲ್ ಗುರುತುಗಳ ನಡುವೆ ಒಂದು ಅಂಕಿಯನ್ನು ಹುಡುಕುವುದರಲ್ಲೇ ಅರ್ಧ ಅವಧಿ ಹೋಗುತ್ತದೆ. ಹಲಗೆಯ ಮೇಲೆ ಖಾಲಿ ಚೌಕ ಬರೆದು 7 ಬರಬಹುದಾದ ಮನೆಗಳಿಗಷ್ಟೇ ಚುಕ್ಕೆ ಇಡಿ. ಉಳಿದ ಅಂಕಿಗಳು ಆ ದಿನಕ್ಕೆ ಬೇಡ.

ಶುರುವನ್ನು ಮಕ್ಕಳಿಗೆ ಗೊತ್ತಿರುವುದರಿಂದ ಮಾಡಬಹುದು. ಒಂದೇ ಸಾಲಿನ ಎರಡು ಮನೆಗಳಲ್ಲಿ 3, 8 ಮಾತ್ರ ಉಳಿದಿದ್ದರೆ ಆ ಸಾಲಿನ ಬೇರೆ ಮನೆಗಳಿಂದ 3, 8 ಅಳಿಸುವುದನ್ನು ಅವರು ತಾವಾಗಿಯೇ ಕಂಡುಕೊಂಡಿರುತ್ತಾರೆ. ಅಲ್ಲಿ ಎರಡು ಮನೆಗೆ ಎರಡು ಅಂಕಿ. ಇಲ್ಲಿ ಎರಡು ಅಡ್ಡಸಾಲಿಗೆ ಎರಡು ಕಂಬಸಾಲು. ಲೆಕ್ಕ ಒಂದೇ. ನಂತರ ರೇಖಾಗಣಿತದ ರೂಢಿಯಲ್ಲೇ ಬರೆಸಿ. ದತ್ತ: 2 ಮತ್ತು 6ನೇ ಅಡ್ಡಸಾಲುಗಳಲ್ಲಿ 7ಕ್ಕೆ ಜಾಗವಿರುವುದು 3 ಮತ್ತು 8ನೇ ಕಂಬಸಾಲುಗಳಲ್ಲಿ ಮಾತ್ರ. ಸಾಧನೀಯ: (9, 3)ರಲ್ಲಿ 7 ಇಲ್ಲ. ಸಾಧನೆಯನ್ನು ಅವರೇ ಬರೆಯಲಿ. ತ್ರಿಭುಜಗಳ ಪ್ರಮೇಯದಲ್ಲಿ ಈ ಮೂರು ತಲೆಬರಹಗಳನ್ನು ಬಾಯಿಪಾಠ ಮಾಡಿದವರಿಗೆ, 'ಸಾಧನೀಯ' ಎಂಬುದು ತಾವೇ ತಿಳಿಯಬಯಸಿದ ಮಾತೂ ಆಗಬಹುದು ಎಂಬುದು ಇಲ್ಲಿ ಕಾಣುತ್ತದೆ. ಚುಕ್ಕೆಗಳನ್ನು ಮೂರು ಸಾಲಿಗೆ ಬದಲಿಸಿ 'ಈಗ?' ಎಂದು ಕೇಳಿ ಸುಮ್ಮನಿರಿ. ಹೆಸರುಗಳು ಕೊನೆಗೆ ಬರಲಿ.

ಮೌಲ್ಯಮಾಪನಕ್ಕೂ ಪೂರ್ತಿ ಚೌಕ ಬೇಡ. ಮೇಲಿನ ಆರು ಮನೆಗಳ ಸ್ವೋರ್ಡ್‌ಫಿಶ್ ಒಂದು, (6, 5)ರಲ್ಲಿ ಹೆಚ್ಚಿನ ಚುಕ್ಕೆಯಿರುವ ಹುಸಿ ಎಕ್ಸ್-ವಿಂಗ್ ಒಂದು, ಇವೆರಡನ್ನು ಕೊಟ್ಟು 'ಯಾವುದರಲ್ಲಿ ಅಳಿಸಬಹುದು, ಯಾಕೆ?' ಎಂದು ಕೇಳಿದರೆ ಸಾಕು. ಆಕೃತಿ ನೋಡಿದವರು ಎರಡನೆಯದನ್ನು ಆರಿಸುತ್ತಾರೆ, ಎಣಿಸಿದವರು ಮೊದಲನೆಯದನ್ನು. ನಮ್ಮ ಪಾಠದಿಂದ ಏನು ತಲುಪಿತು ಎಂಬುದು ಆ ಒಂದು ಉತ್ತರದಲ್ಲೇ ಗೊತ್ತಾಗುತ್ತದೆ.