ವೀಡಿಯೊ ಕಾಲ್ ಮುಗಿದ ಮೇಲೆ ಒಂದು ವಾಕ್ಯ

ದೇವಿಕೊಪ್ಪದಲ್ಲಿ ನಮಗೆ ಪರಿಚಯದ ಒಂದು ಮನೆ ಇದೆ. ಕರಾವಳಿಯಿಂದ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಇಲ್ಲೇ ನೆಲೆ ನಿಂತವರು. ಕಳೆದ ವರ್ಷ ಆ ಮನೆಯ ಮಗಳಿಗೆ ಮಂಗಳೂರು ಕಡೆಯ ಒಂದು ಸಂಬಂಧ ಬಂತು. ಹುಡುಗ ದುಬೈಯಲ್ಲಿ, ರಜೆ ಸಿಗಲು ಇನ್ನೂ ಏಳು ತಿಂಗಳು ಇತ್ತು. ಹಾಗಾಗಿ ಹೆಣ್ಣು ನೋಡುವ ಕಾರ್ಯ ಫೋನಿನಲ್ಲೇ ಆಗಲಿ ಎಂದು ಹಿರಿಯರು ಮಾತಾಡಿಕೊಂಡರು. ಇಶಾ ನಮಾಝ್ ಆದ ಮೇಲೆ ಬೋಟಿಮ್‌ನಲ್ಲಿ ಕಾಲ್ ಬಂತು. ಉಮ್ಮ, ಉಪ್ಪ, ಅಜ್ಜಿ ಎಲ್ಲರೂ ಪಕ್ಕದಲ್ಲೇ ಇದ್ದರು. ಹದಿನೈದು ನಿಮಿಷ ಮಾತಾಯಿತು, ಸಲಾಂ ಹೇಳಿ ಕಾಲ್ ಇಟ್ಟರು.

ಆಮೇಲೆ ಏನು? ನಾವು ಯಾರೂ ಯೋಚಿಸದ ಜಾಗ ಅದುವೇ. ಹಿಂದೆ ಹುಡುಗನ ಕಡೆಯವರು ಮನೆಗೇ ಬರುತ್ತಿದ್ದರು. ಚಹಾ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡುತ್ತಿದ್ದರು. ಅವರ ಮುಖ ನೋಡಿಯೇ ಹುಡುಗಿಯ ಉಮ್ಮನಿಗೆ ಅರ್ಧ ಉತ್ತರ ಸಿಗುತ್ತಿತ್ತು. ವೀಡಿಯೊ ಕಾಲ್‌ಗೆ ಬಾಗಿಲು ಇಲ್ಲ. ಕೆಂಪು ಗುಂಡಿ ಒತ್ತಿದ ಕೂಡಲೇ ಪರದೆ ಕಪ್ಪಾಗುತ್ತದೆ. ಹುಡುಗಿ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯುತ್ತಾಳೆ, ಮನಸ್ಸು ಮಾತ್ರ ಫೋನಿನ ಹತ್ತಿರ.

ಈ ಮನೆಗೂ ಮರುದಿನ ಮೆಸೇಜ್ ಬಂತು. ‘ಮಾಷಾ ಅಲ್ಲಾಹ್, ಸೂಪರ್’ ಮತ್ತು ಒಂದು ಹೆಬ್ಬೆರಳಿನ ಗುರುತು, ಅಷ್ಟೆ. ಹುಡುಗಿ ಅದನ್ನು ಓದಿ ಉಮ್ಮನ ಹತ್ತಿರ ಕೇಳಿದಳಂತೆ, ‘ಇದು ನನ್ನನ್ನು ನೋಡಿ ಹಾಕಿದ್ದಾ, ಇಲ್ಲ ಎಲ್ಲರಿಗೂ ಹಾಕುವುದಾ?’

ಹುಡುಗನ ಉಪ್ಪ ನಮಗೂ ಬಲ್ಲವರು. ಅವರ ಒಪ್ಪಿಗೆ ಪಡೆದು ನಾವು ಹುಡುಗನಿಗೆ ಫೋನ್ ಮಾಡಿದೆವು. ‘ಮೋನೇ, ಆ ಹದಿನೈದು ನಿಮಿಷದಲ್ಲಿ ನಿನಗೆ ಸಂತೋಷ ಆದದ್ದು ಯಾವುದು? ಒಂದೇ ಒಂದು ಹೇಳು’ ಅಂದೆವು. ‘ಎಲ್ಲ ಒಳ್ಳೇದಿತ್ತು ಉಸ್ತಾದ್’ ಅಂದ. ‘ಎಲ್ಲ ಬೇಡ, ಒಂದು’ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅವರ ಅಜ್ಜಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಯಾರು, ಏನು ಹೇಳಿದ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಈ ಹುಡುಗಿ ಮೂರು ಸಲವೂ ಬಗ್ಗಿ ಕಿವಿಯ ಹತ್ತಿರ ಹೇಳಿದಳು. ಮುಖ ಸಿಂಡರಿಸಲಿಲ್ಲ.’

ಬರೆಯಬೇಕಾದದ್ದು ಅದನ್ನೇ ಅಲ್ವಾ! ಅವತ್ತೇ ಸಂಜೆ, ಎರಡು ಮನೆಯ ಹಿರಿಯರೂ ಇರುವ ಗ್ರೂಪಿನಲ್ಲಿ ಅವನು ಹೀಗೆ ಬರೆದ: ‘ಅಸ್ಸಲಾಮು ಅಲೈಕುಂ. ನಿನ್ನೆ ನಿಮ್ಮ ಅಜ್ಜಿ ಕೇಳಿದಾಗಲೆಲ್ಲ ನೀವು ಬೇಸರ ಇಲ್ಲದೆ ಮತ್ತೆ ಹೇಳಿದ್ದು ನೋಡಿ ಸಂತೋಷವಾಯಿತು. ಮುಂದಿನ ವಿಷಯ ಮನೆಯವರು ಮಾತಾಡಿ ಭಾನುವಾರದ ಒಳಗೆ ತಿಳಿಸುತ್ತಾರೆ.’

ಎರಡೇ ವಾಕ್ಯ. ಮೊದಲನೆಯದು ಕಣ್ಣಾರೆ ಕಂಡದ್ದು. ಬೇರೆ ಯಾವ ಹುಡುಗಿಗೂ ಅದನ್ನು ಕಳುಹಿಸಲು ಆಗುವುದಿಲ್ಲ. ಅದು ಅವಳ ನಡತೆಯ ಬಗ್ಗೆ ಇದೆ, ರೂಪದ ಬಗ್ಗೆ ಅಲ್ಲ. ಎರಡನೆಯದು ಕಾಯುವವರಿಗೆ ಒಂದು ದಿನ ಗೊತ್ತು ಮಾಡಿತು. ಹುಡುಗಿಯ ಕಡೆಯಿಂದಲೂ ಉಮ್ಮನ ಫೋನಿನಿಂದ ಉತ್ತರ ಹೋಯಿತು: ‘ಇಲ್ಲಿ ನೆಟ್‌ವರ್ಕ್ ಹೋಗಿ ಎರಡು ಸಲ ಕಾಲ್ ಕಡಿದಾಗ ನೀವು ಸಿಟ್ಟಾಗದೆ ನಗುತ್ತಾ ಮತ್ತೆ ಮಾಡಿದ್ದು ಚಂದ ಕಂಡಿತು.’ ಎರಡನೇ ಕಾಲ್‌ನಲ್ಲಿ ಅಜ್ಜಿಯ ವಿಷಯದಿಂದಲೇ ಮಾತು ಶುರುವಾಯಿತಂತೆ. ಮೊದಲ ಸಲ ‘ಊಟ ಆಯ್ತಾ’ ಎಂಬಲ್ಲಿಗೆ ನಿಂತಿದ್ದ ಮಾತು, ವಯಸ್ಸಾದ ತಂದೆತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂಬಲ್ಲಿಗೆ ಬಂತು.

‘ಉಸ್ತಾದರೇ, ನಿಕಾಹ್‌ಗೆ ಮೊದಲು ಇದೆಲ್ಲ ಬೇಕಾ?’ ಎಂದು ಕೆಲವರು ಕೇಳಿಯಾರು. ಮುಗೀರಾ ಇಬ್ನು ಶುಅ್‌ಬಾ (ರ) ಅವರು ಒಬ್ಬ ಹೆಣ್ಣನ್ನು ಕೇಳಿದಾಗ, ಹೋಗಿ ನೋಡು, ಅದರಿಂದ ನಿಮ್ಮ ನಡುವೆ ಒಲವು ಉಳಿಯಲು ಹೆಚ್ಚು ಅನುಕೂಲ ಎಂಬ ಅರ್ಥದಲ್ಲಿ ಪ್ರವಾದಿ (ಸ) ಅವರು ಹೇಳಿದ್ದು ತಿರ್ಮಿದಿಯಲ್ಲಿದೆ. ನೋಡುವುದರ ಉದ್ದೇಶವೇ ಒಲವು ಆದರೆ, ನೋಡಿ ಸಂತೋಷವಾಯಿತು ಎಂದು ಮರ್ಯಾದೆಯ ಒಂದು ಮಾತು ಹೇಳುವುದು ಆ ಉದ್ದೇಶಕ್ಕೆ ಹೊರತಲ್ಲ. ಆದರೆ ಗಡಿ ಇದೆ. ಹುಡುಗಿ ಇನ್ನೂ ಅನ್ಯಳೇ. ಅದಕ್ಕೇ ಹಿರಿಯರ ಕಣ್ಣೆದುರಿನ ಗ್ರೂಪ್ ಅಂದದ್ದು. ಕಣ್ಣು, ಬಣ್ಣ, ಮೈಕಟ್ಟಿನ ಮಾತು ಬೇಡ. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳುಹಿಸುವುದಂತೂ ಬೇಡವೇ ಬೇಡ. ನೋಡುವ ಅನುಮತಿ ಸಿಕ್ಕಿದ್ದು ಮದುವೆಯಾಗಲು ಬಯಸುವವನಿಗೆ, ಅವನ ರೂಮಿನವರಿಗೆಲ್ಲ ಅಲ್ಲ.

ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಉತ್ಸಾಹದಲ್ಲಿ ಪಟ್ಟಿ ಮಾಡುವುದು. ನಗು ಚಂದ, ಮಾತು ಚಂದ, ಮನೆ ಚಂದ ಎಂದು ಹತ್ತು ಬರೆದರೆ ಓದುವವಳಿಗೆ ಒಂದೂ ನಿಜವೆನಿಸುವುದಿಲ್ಲ. ‘ನೀವೇ ನನ್ನ ಬದುಕು’ ಎಂದು ಬರೆದರಂತೂ ಅದು ಮಾತು ಕೊಟ್ಟ ಹಾಗೆ. ನಾಳೆ ಸಂಬಂಧ ಕೂಡದಿದ್ದರೆ ಆ ಮಾತನ್ನು ಹೊತ್ತುಕೊಳ್ಳುವವಳು ಹುಡುಗಿ. ಇನ್ನೊಂದು, ಹೊತ್ತು. ದುಬೈಯಲ್ಲಿ ರಾತ್ರಿ ಹತ್ತೂವರೆ ಆದಾಗ ನಮ್ಮಲ್ಲಿ ಹನ್ನೆರಡು ಗಂಟೆ. ಆ ಹೊತ್ತಿಗೆ ಬಂದ ಒಳ್ಳೆಯ ಮಾತೂ ಮನೆಯವರ ಕಣ್ಣಿಗೆ ಬೇರೆಯೇ ಕಾಣುತ್ತದೆ. ಮರುದಿನ ಹಗಲು ಬರೆದರೆ ಸಾಕು. ಅದಕ್ಕಿಂತ ತಡ ಮಾಡಬೇಡಿ.

ಮನಸ್ಸಿಗೆ ಹಿಡಿಸಲೇ ಇಲ್ಲ ಎಂದಾದರೆ? ಹೊಗಳಿಕೆ ಹುಡುಕಿ ಬರೆಯಬೇಡಿ. ನೋಡಿ ಇಷ್ಟವಾಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು, ‘ನನಗೆ ಬೇಡ’ ಎಂದು ಹೇಳಿ ನೋಯಿಸಬಾರದು ಎಂದು ನಮ್ಮ ಶಾಫಿಈ ಇಮಾಮರು ಬರೆದಿದ್ದಾರೆ. ಅಂದರೆ ಕೊರತೆ ಎಣಿಸುವ ಹಾಗಿಲ್ಲ. ಆದರೆ ಮೌನ ಎಂದರೆ ನೀಲಿ ಗೀಟು ತೋರಿಸಿ ತಿಂಗಳುಗಟ್ಟಲೆ ಕಾಯಿಸುವುದು ಎಂದು ನಾವು ಅರ್ಥ ಮಾಡಿಕೊಳ್ಳಬಾರದು. ‘ನಮಗೆ ಅನುಕೂಲ ಆಗಲಿಲ್ಲ, ಖೈರ್ ಇರಲಿ’ ಎಂದು ಹಿರಿಯರು ಎರಡು ದಿನದೊಳಗೆ ತಿಳಿಸಲಿ.

ದೇವಿಕೊಪ್ಪದ ಆ ಸಂಬಂಧ ಕೊನೆಗೆ ಕೂಡಲಿಲ್ಲ. ಮದುವೆಯಾದ ಮೇಲೆ ಹುಡುಗಿ ಎಲ್ಲಿರಬೇಕು ಎಂಬಲ್ಲಿ ಎರಡು ಮನೆಗೂ ಒಮ್ಮತ ಬರಲಿಲ್ಲ. ಅಂಥ ವಿಷಯ ಯಾವ ಮೆಸೇಜಿನಿಂದಲೂ ಬಗೆಹರಿಯುವುದಿಲ್ಲ. ನಮಗೆ ಒಳಗೊಳಗೇ ಅಳುಕು, ಆ ಮೆಸೇಜ್ ಬರೆಸಿ ಹುಡುಗಿಗೆ ಆಸೆ ಹುಟ್ಟಿಸಿದೆವೇನೋ ಎಂದು. ಅವಳ ಉಮ್ಮ ಸಿಕ್ಕಾಗ ಕೇಳಿಯೂ ಬಿಟ್ಟೆವು.

‘ಇಲ್ಲ ಉಸ್ತಾದ್, ಅದರಲ್ಲಿ ಸುಳ್ಳು ಇರಲಿಲ್ಲವಲ್ಲ, ಮದುವೆಯ ಮಾತೂ ಇರಲಿಲ್ಲ. ಮೊದಲು ನೋಡಿ ಹೋದವರು ಬಣ್ಣ ಕಡಿಮೆ ಅಂದಿದ್ದರು. ಇವನು ಅವಳ ಗುಣ ನೋಡಿದ ಎಂದು ಅವಳಿಗೆ ಸಮಾಧಾನ’ ಅಂದರು. ಒಳಗಿಂದ ಅಜ್ಜಿ ‘ಯಾರು ಬಂದದ್ದು?’ ಎಂದು ಕೇಳುತ್ತಿದ್ದರು. ಹುಡುಗಿ ಬಗ್ಗಿ, ಕಿವಿಯ ಹತ್ತಿರ, ‘ಉಸ್ತಾದ್’ ಎಂದಳು. ಮತ್ತೊಮ್ಮೆಯೂ ಹೇಳಿದಳು.